'ಡನ್' ಅಂದರೆ ಎಲ್ಲಿವರೆಗೆ ಡನ್?

ಪ್ರಶ್ನೆ: ಕೆಲಸಕ್ಕೆ ಸೇರಿ ಏಳು ತಿಂಗಳಾಯ್ತು. ಟಿಕೆಟ್‌ನಲ್ಲಿ ದಿನಾ ಸ್ಟೇಟಸ್ ಕಾಮೆಂಟ್ ಹಾಕ್ತೀನಿ, ಆದ್ರೂ ಟೀಮಿನವರು ಚಾಟ್‌ಗೆ ಬಂದು 'ಇದೇನಾಯ್ತು?' ಅಂತ ಕೇಳ್ತಾನೇ ಇರ್ತಾರೆ. ಏನಾಗಿದೆ, ಏನು ನಿಂತಿದೆ, ಮುಂದೇನು ಅನ್ನೋದು ಓದಿದ ಕೂಡಲೇ ಗೊತ್ತಾಗೋ ಹಾಗೆ ಹೇಗೆ ಬರೆಯೋದು?

ಉತ್ತರ:

ನಿಮ್ಮ ಕಾಮೆಂಟ್‌ಗಳಲ್ಲಿ 'ಡನ್' ಎಷ್ಟು ಸಲ ಬಂದಿದೆ ಅಂತ ಒಮ್ಮೆ ಎಣಿಸಿ ನೋಡಿ. ನಾನು ಎಡವಿದ್ದು ಆ ಒಂದು ಪದದಲ್ಲೇ.

ನಮ್ಮಲ್ಲಿ ಆರ್ಡರ್‌ಗಳ ದಿನದ ರಿಪೋರ್ಟ್ ಒಂದಿತ್ತು. ಬೆಳಗಿನ ಜಾವ ಬಂದ ಆರ್ಡರ್‌ಗಳೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಸೇರಿಹೋಗುತ್ತಿದ್ದವು. ಕಾರಣ ಗೊತ್ತಿರುವುದೇ. ಡೇಟಾಬೇಸ್‌ನಲ್ಲಿ ಸಮಯ ಯುಟಿಸಿ ಪ್ರಕಾರ ಇರುತ್ತದೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ರಾತ್ರಿ 12ರಿಂದ ಬೆಳಗ್ಗೆ 5:30ರೊಳಗೆ ಬಂದ ಆರ್ಡರ್ ಯುಟಿಸಿಯಲ್ಲಿ ಇನ್ನೂ ನಿನ್ನೆಯದೇ. ಕ್ವೆರಿಯಲ್ಲಿ ಒಂದು ಸಾಲು ಬದಲಾಯಿಸಿದೆ:

```sql
(created_at AT TIME ZONE 'Asia/Kolkata')::date
```

(ಕಾಲಂ `timestamptz` ಆಗಿದ್ದರೆ ಮಾತ್ರ ಇದು ಸರಿ. ಬರೀ `timestamp` ಆಗಿದ್ದರೆ ಲೆಕ್ಕ ಉಲ್ಟಾ ಆಗುತ್ತದೆ. ಅದು ಬೇರೆ ಕಥೆ.)

ಕ್ವೆರಿ ಸರಿಹೋಯಿತು, ಆದರೆ ಹಳೆಯ ದಿನಗಳ ಮೊತ್ತ ಇನ್ನೊಂದು ಟೇಬಲ್‌ನಲ್ಲಿ ಆಗಲೇ ತಪ್ಪಾಗಿ ಕೂತಿತ್ತು. ಅದನ್ನು ಮತ್ತೆ ಲೆಕ್ಕ ಹಾಕಲು ಒಂದು ಸ್ಕ್ರಿಪ್ಟ್ ಬರೆದು ಸ್ಟೇಜಿಂಗ್‌ನಲ್ಲಿ ಓಡಿಸಿದೆ. ಆಮೇಲೆ ಹೀಗೆ ಕಾಮೆಂಟ್ ಹಾಕಿದೆ:

> ಫಿಕ್ಸ್ ಡನ್. ಸ್ಕ್ರಿಪ್ಟ್ ರನ್ ಮಾಡಿದ್ದೇನೆ. ಡಿಬಿ ಆಕ್ಸೆಸ್‌ಗೆ ವೇಟಿಂಗ್. ನಾಳೆ ಉಳಿದದ್ದು ನೋಡುತ್ತೇನೆ.

ಹಾಕಿ, ಅತ್ತೆ ಮಗಳ ಮದುವೆಗೆ ಅಂತ ಶಿರಸಿ ಬಸ್ ಹತ್ತಿದೆ. ಜೊತೆಗೆ ಕೆಲಸ ಮಾಡುವ ಒಬ್ಬರು ಇದನ್ನು ಓದಿ, ಸ್ಕ್ರಿಪ್ಟ್ ಪ್ರೊಡಕ್ಷನ್‌ನಲ್ಲೇ ಓಡಿದೆ ಅಂದುಕೊಂಡು, ತಿಂಗಳ ರಿಪೋರ್ಟ್ ತೆಗೆದುಕೊಳ್ಳಬಹುದು ಅಂತ ಅಕೌಂಟ್ಸ್‌ನವರಿಗೆ ಹೇಳಿಬಿಟ್ಟರು. ತಪ್ಪು ಲೆಕ್ಕ ಹೋಯಿತು. ಅವರದೇನೂ ತಪ್ಪಿಲ್ಲ, ನಾನು ಬರೆದದ್ದನ್ನು ಹಾಗೇ ಓದಿದರು ಅಷ್ಟೇ.

ಈಗ ಅದೇ ಕಾಮೆಂಟ್ ಬರೆಯಬೇಕಾದರೆ ಹೀಗೆ ಬರೆಯುತ್ತೇನೆ (ಆಫೀಸಿನಲ್ಲಿ ಇಂಗ್ಲಿಷ್‌ನಲ್ಲಿ ಹಾಕುವುದು, ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ):

> ಆಗಿದೆ: ಕ್ವೆರಿ ಬದಲಾವಣೆ ಜೂನ್ 24ರ ಸಂಜೆ ಪ್ರೊಡಕ್ಷನ್‌ಗೆ ಹೋಗಿದೆ. 25ರ ಬೆಳಗ್ಗೆ 4:10ಕ್ಕೆ ಬಂದ ಒಂದು ಆರ್ಡರ್ 25ರ ಲೆಕ್ಕದಲ್ಲೇ ಇದೆ, ನೋಡಿದ್ದೇನೆ. ಹಳೆಯ ದಿನಗಳ ಸ್ಕ್ರಿಪ್ಟ್ ಸ್ಟೇಜಿಂಗ್‌ನಲ್ಲಿ ಮಾತ್ರ ಓಡಿದೆ, ಪ್ರೊಡಕ್ಷನ್‌ನಲ್ಲಿ ಇಲ್ಲ. ಜೂನ್ 1ರಿಂದ 23ರವರೆಗಿನ ಮೊತ್ತ ಇನ್ನೂ ತಪ್ಪಾಗಿಯೇ ಇದೆ.
>
> ನಿಂತಿದೆ: ಸ್ಕ್ರಿಪ್ಟ್ ಓಡಿಸಲು ಪ್ರೊಡಕ್ಷನ್‌ನ `daily_totals` ಟೇಬಲ್‌ಗೆ ಬರೆಯುವ ಅನುಮತಿ ಬೇಕು. 24ರಂದು ಡಿಬಿಎ ಟೀಮ್‌ಗೆ ರಿಕ್ವೆಸ್ಟ್ ಹಾಕಿದೆ, ಲಿಂಕ್ ಕೆಳಗಿದೆ. ಮ್ಯಾನೇಜರ್ ಅಪ್ರೂವಲ್ ಬೇಕು ಎಂದರು. ಸರ್, 27ರ ಮಧ್ಯಾಹ್ನದೊಳಗೆ ಅಪ್ರೂವ್ ಮಾಡಿದರೆ ತಿಂಗಳ ರಿಪೋರ್ಟ್ ಹೊತ್ತಿಗೆ ಮುಗಿಯುತ್ತದೆ.
>
> ಮುಂದೆ: ನಾನು 26ರಿಂದ 29ರವರೆಗೆ ರಜೆ. ಅನುಮತಿ ಸಿಕ್ಕರೆ ಈ ಟಿಕೆಟ್‌ನ ರಿವ್ಯೂವರ್ ಸ್ಕ್ರಿಪ್ಟ್ ಓಡಿಸುತ್ತಾರೆ, ಕೇಳಿದ್ದೇನೆ, ಒಪ್ಪಿದ್ದಾರೆ. ಕಮಾಂಡ್ ಕೆಳಗಿದೆ. ಎರಡು ಸಲ ಓಡಿದರೂ ತೊಂದರೆಯಿಲ್ಲ, ಮೊತ್ತವನ್ನು ಹೊಸದಾಗಿ ಬರೆಯುತ್ತದೆ, ಕೂಡಿಸುವುದಿಲ್ಲ. ಅಲ್ಲಿವರೆಗೆ ಜೂನ್ ರಿಪೋರ್ಟ್ ಅಕೌಂಟ್ಸ್‌ಗೆ ಕಳಿಸಬೇಡಿ.

ಉದ್ದ ಜಾಸ್ತಿಯಾಯ್ತು ಅನ್ನಿಸಬಹುದು. ಓದಲು ಒಂದು ನಿಮಿಷ ಸಾಕು. ನಾನು ಬಸ್ಸಿನಲ್ಲಿ ಸಿಗ್ನಲ್ ಇಲ್ಲದೆ ಕೂತಿದ್ದಾಗ ಆ ಒಂದು ನಿಮಿಷ ಯಾರಿಗೂ ಸಿಗಲಿಲ್ಲ.

'ಆಗಿದೆ' ಬರೆಯುವಾಗ ಕೆಲಸ ಎಲ್ಲಿವರೆಗೆ ತಲುಪಿದೆ ಅನ್ನುವುದನ್ನು ಹೇಳಬೇಕು. ಒಂದೇ ಬದಲಾವಣೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿರಬಹುದು, ರಿವ್ಯೂನಲ್ಲಿರಬಹುದು, ಮರ್ಜ್ ಆಗಿರಬಹುದು, ಸ್ಟೇಜಿಂಗ್‌ನಲ್ಲೋ ಪ್ರೊಡಕ್ಷನ್‌ನಲ್ಲೋ ಇರಬಹುದು. ಡೆವಲಪರ್‌ಗೆ ಮರ್ಜ್ ಆದರೆ ಡನ್. ಟೆಸ್ಟಿಂಗ್‌ನವರಿಗೆ ಸ್ಟೇಜಿಂಗ್‌ಗೆ ಬಂದರೆ ತಾನೇ ಕೆಲಸ ಶುರು? ಅಕೌಂಟ್ಸ್‌ನವರಿಗಂತೂ ಪ್ರೊಡಕ್ಷನ್ ಬಿಟ್ಟು ಬೇರೆ ಯಾವುದೂ ಲೆಕ್ಕಕ್ಕಿಲ್ಲ. ಆಮೇಲೆ, ನೀವು ನಿಜವಾಗಿ ಏನನ್ನು ನೋಡಿ ಆಯಿತು ಅಂದಿರಿ ಅನ್ನುವುದನ್ನೂ ಬರೆಯಿರಿ. '4:10ರ ಆರ್ಡರ್' ಅಂತ ಒಂದು ಉದಾಹರಣೆ ಇದ್ದರೆ ಬೇರೆಯವರು ಅದನ್ನೇ ತೆಗೆದು ತಾವೂ ನೋಡಬಹುದು. ಸುಮ್ನೆ 'ಟೆಸ್ಟ್ ಮಾಡಿದ್ದೇನೆ' ಅಂದರೆ ಮಧ್ಯಾಹ್ನದ ಆರ್ಡರ್ ನೋಡಿರಲೂಬಹುದು, ಅದು ಮೊದಲೂ ಸರಿಯಾಗೇ ಇತ್ತು. ಇನ್ನೊಂದು, ಏನು ಆಗಿಲ್ಲ ಅನ್ನುವುದನ್ನು 'ಆಗಿದೆ' ಒಳಗೇ ಬರೆಯಿರಿ. ಎಷ್ಟೋ ಜನ ಆ ಭಾಗ ಓದಿ ಟ್ಯಾಬ್ ಮುಚ್ಚುತ್ತಾರೆ.

'ನಿಂತಿದೆ' ಭಾಗದಲ್ಲಿ ಎಲ್ಲರೂ ಬರೆಯುವುದು 'ವೇಟಿಂಗ್' ಅಂತ. ಯಾರಿಗಾಗಿ, ಯಾವುದಕ್ಕೆ, ಯಾವತ್ತಿನಿಂದ ಅನ್ನುವುದು ಅಲ್ಲಿ ಇರುವುದಿಲ್ಲ. 'ಡಿಬಿ ಆಕ್ಸೆಸ್‌ಗೆ ವೇಟಿಂಗ್' ಅಂತ ನಾನು ಬರೆದಾಗ ನಮ್ಮ ಮ್ಯಾನೇಜರ್ ಅದನ್ನು ಓದಿದ್ದರು, ಆದರೆ ಅದು ತಮ್ಮ ಅಪ್ರೂವಲ್‌ಗೇ ಕಾಯುತ್ತಿದೆ ಅಂತ ಅವರಿಗೆ ಹೊಳೆದೇ ಇರಲಿಲ್ಲ! ಯಾರಿಂದ ಕೆಲಸ ಆಗಬೇಕೋ ಅವರನ್ನು @ ಹಾಕಿ ಕರೆಯಿರಿ, ಒಂದೇ ಒಂದು ಕೆಲಸ ಕೇಳಿ, ಯಾವಾಗಿನೊಳಗೆ ಬೇಕು ಮತ್ತು ಯಾಕೆ ಅಂತ ಹೇಳಿ. ಚಾಟ್‌ನಲ್ಲಿ ಮಾತಾಡಿದ್ದರೆ ಲಿಂಕ್ ಮಾತ್ರ ಅಂಟಿಸಬೇಡಿ, ಅವರು ಏನು ಹೇಳಿದರು ಅನ್ನುವುದನ್ನು ಒಂದು ಸಾಲಿನಲ್ಲಿ ಬರೆಯಿರಿ, ಯಾಕಂದರೆ ಓದುವವರು ಆ ಚಾನೆಲ್‌ನಲ್ಲಿ ಇಲ್ಲದೇ ಇರಬಹುದು. ಸ್ಕ್ರೀನ್‌ಶಾಟ್ ಹಾಕುವವರ ಮೇಲೆ ನನಗೆ ಸ್ವಲ್ಪ ಕೋಪವೇ ಇದೆ, ಆರು ತಿಂಗಳ ಮೇಲೆ ಹುಡುಕಿದರೆ ಒಂದಕ್ಷರವೂ ಸಿಗುವುದಿಲ್ಲ.

ಏನೂ ನಿಂತಿಲ್ಲ ಅಂದರೆ 'ಏನೂ ನಿಂತಿಲ್ಲ' ಅಂತಲೇ ಬರೆಯಿರಿ. ಆ ಸಾಲನ್ನೇ ಬಿಟ್ಟರೆ ಮರೆತಿರೋ, ನಿಜವಾಗಿ ಇಲ್ಲವೋ ಗೊತ್ತಾಗುವುದಿಲ್ಲ, ಮತ್ತೆ ಚಾಟ್‌ಗೆ ಬರುತ್ತಾರೆ.

'ಮುಂದೆ' ಬರೆಯುವಾಗ 'ನಾಳೆ' ಅನ್ನುವ ಪದ ಬಿಟ್ಟುಬಿಡಿ. ಕಾಮೆಂಟ್ ಓದುವವರ ನಾಳೆ ಯಾವುದೋ ಏನೋ. ತಾರೀಖು ಹಾಕಿ. ಬೇರೆ ದೇಶದಲ್ಲಿ ಟೀಮ್ ಇದ್ದರೆ ಗಂಟೆಯ ಜೊತೆ ಯಾವ ಊರಿನ ಗಂಟೆ ಅಂತಲೂ ಹಾಕಿ (ಈ ಟಿಕೆಟ್ ಹುಟ್ಟಿದ್ದೇ ಆ ತೊಂದರೆಯಿಂದ ಅಲ್ವಾ). ಯಾರು ಮಾಡುತ್ತಾರೆ ಅನ್ನುವುದೂ ಇರಲಿ, ಅವರನ್ನು ಕೇಳಿಯೇ ಬರೆಯಿರಿ. ಕೇಳದೆ ಹೆಸರು ಹಾಕಿದರೆ ಅವರೂ ಮಾಡುವುದಿಲ್ಲ, ಬೇರೆಯವರೂ ಮುಟ್ಟುವುದಿಲ್ಲ.

ಎರಡು ಗಂಟೆ ಯಾವ ಯಾವ ದಾರಿ ಹಿಡಿದು ಕಾರಣ ಹುಡುಕಿದಿರಿ ಅನ್ನುವುದನ್ನು ಇದರಲ್ಲಿ ಸೇರಿಸಬೇಡಿ, ಅದಕ್ಕೆ ಬೇರೆ ಕಾಮೆಂಟ್ ಹಾಕಿ. ಕೆಲಸ ನಿಂತಿದ್ದರೆ ಟಿಕೆಟ್‌ನ ಸ್ಟೇಟಸ್ಸನ್ನೂ ಬದಲಾಯಿಸಿ, ಮೇಲೆ `In Progress` ಅಂತ ಇದ್ದು ಕೆಳಗೆ ನಿಂತಿದೆ ಅಂತ ಬರೆದಿದ್ದರೆ ಜನ ಮೇಲಿನದನ್ನೇ ನಂಬುತ್ತಾರೆ.

ಇಷ್ಟಾದ ಮೇಲೂ ಯಾರಾದರೂ ಚಾಟ್‌ನಲ್ಲಿ ಕೇಳಿದರೆ, ಉತ್ತರವನ್ನು ಟಿಕೆಟ್‌ನಲ್ಲಿ ಬರೆದು ಅದರ ಲಿಂಕ್ ಅವರಿಗೆ ಕೊಡಿ. ಎರಡು ವಾರ ಹೀಗೆ ಮಾಡಿದರೆ ಅವರು ಪದೇ ಪದೇ ಏನನ್ನು ಕೇಳುತ್ತಾರೆ ಅಂತ ನಿಮಗೇ ಗೊತ್ತಾಗುತ್ತದೆ. ನನ್ನ ಟೀಮಿನವರು ಕೇಳುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ, 'ಪ್ರೊಡಕ್ಷನ್‌ನಲ್ಲಾ?'

ಹಾಂ, ಅನುಮತಿ ಸಿಕ್ಕಿತು ಅನ್ನಿ. ಆಗ ಹಳೆಯ ಕಾಮೆಂಟ್ ತಿದ್ದಬೇಡಿ, ಒಮ್ಮೆ ಓದಿದವರು ಮತ್ತೆ ಓದುವುದಿಲ್ಲ. ಕೆಳಗೆ ಹೊಸದೊಂದು ಹಾಕಿ: 'ಅನುಮತಿ ಸಿಕ್ಕಿತು. ಜೂನ್ 27ರ ಸಂಜೆ 4ಕ್ಕೆ ಪ್ರೊಡಕ್ಷನ್‌ನಲ್ಲಿ ಸ್ಕ್ರಿಪ್ಟ್ ಓಡಿದೆ. 1ರಿಂದ 23ರವರೆಗಿನ ಮೊತ್ತ ಸರಿಯಾಗಿದೆ. ರಿಪೋರ್ಟ್ ತೆಗೆದುಕೊಳ್ಳಬಹುದು. ಏನೂ ನಿಂತಿಲ್ಲ.'