ಕ್ರಿಪ್ಟೊ ಲೆಕ್ಕ ಇಡುವುದು ಹೇಗೆ, ಫೀಫೊ–ಸರಾಸರಿಯಲ್ಲಿ ಏನು ಬದಲಾಗುತ್ತೆ

"ಎರಡು ಎಕ್ಸ್‌ಚೇಂಜ್, ಒಂದು ಸ್ವಂತ ವಾಲೆಟ್. ಮೂರು ವರ್ಷದಿಂದ ಕೊಂಡು ಮಾರಿದ್ದೇನೆ, ಎಲ್ಲೂ ಬರೆದಿಟ್ಟಿಲ್ಲ. ರಿಟರ್ನ್‌ಗೆ ಏನೇನು ದಾಖಲೆ ಬೇಕು? ಒಬ್ಬರು ಫೀಫೊ ಅಂತಾರೆ, ಇನ್ನೊಬ್ಬರು ಸರಾಸರಿ ಅಂತಾರೆ. ಅಷ್ಟೊಂದು ವ್ಯತ್ಯಾಸ ಆಗುತ್ತಾ?"

ಆಗುತ್ತೆ. ಆದರೆ ಈ ಪ್ರಶ್ನೆಗೆ ಉತ್ತರವಾಗಿ ಒಬ್ಬರು "ಹೈಫೊ ಹಾಕಿ, ದುಬಾರಿಗೆ ಕೊಂಡದ್ದನ್ನು ಮೊದಲು ಮಾರಿದ ಹಾಗೆ ತೋರಿಸಿ, ಟ್ಯಾಕ್ಸ್ ಉಳಿಯುತ್ತೆ" ಎಂದಿದ್ದಾರಲ್ಲ, ಅದು ಅರ್ಧ ಮಾತ್ರ ನಿಜ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಕರೆನ್ಸಿ ಯಾವುದಾದರೂ ಇರಲಿ.

ಜನವರಿಯಲ್ಲಿ ಒಂದು ನಾಣ್ಯವನ್ನು 1,000ಕ್ಕೆ ಕೊಂಡಿರಿ. ಜೂನ್‌ನಲ್ಲಿ ಅದೇ ನಾಣ್ಯ ಇನ್ನೊಂದು, 3,000ಕ್ಕೆ. ಸೆಪ್ಟೆಂಬರ್‌ನಲ್ಲಿ ಒಂದನ್ನು 2,500ಕ್ಕೆ ಮಾರಿದಿರಿ. ಫೀಫೊ ಪ್ರಕಾರ ಮೊದಲು ಕೊಂಡದ್ದು ಮೊದಲು ಹೋಯಿತು, ಹಾಗಾಗಿ ಲಾಭ 1,500. ಸರಾಸರಿ ಹಿಡಿದರೆ ಒಂದರ ಅಸಲು 2,000, ಲಾಭ 500. ಹೈಫೊದಲ್ಲಿ ಜೂನ್‌ನದು ಹೋದಂತೆ, ಅಂದರೆ 500 ನಷ್ಟ. ಮಾರಾಟ ಒಂದೇ, ಉತ್ತರ ಮೂರು.

ಈಗ ಉಳಿದ ನಾಣ್ಯವನ್ನೂ 2,500ಕ್ಕೇ ಮಾರಿ. ಫೀಫೊದಲ್ಲಿ ಉಳಿದಿರುವುದು ದುಬಾರಿಯದು, 500 ನಷ್ಟ. ಸರಾಸರಿಯಲ್ಲಿ ಮತ್ತೆ 500 ಲಾಭ. ಹೈಫೊದಲ್ಲಿ 1,500 ಲಾಭ. ಎರಡೂ ಮಾರಾಟ ಕೂಡಿಸಿದರೆ ಮೂರು ವಿಧಾನದಲ್ಲೂ ಒಟ್ಟು ಲಾಭ 1,000. ವಿಧಾನ ಬದಲಾಯಿಸಿದ್ದಕ್ಕೆ ಲಾಭ ಎಲ್ಲೂ ಮಾಯವಾಗಲಿಲ್ಲ, ಈ ಮಾರಾಟದಿಂದ ಮುಂದಿನ ಮಾರಾಟಕ್ಕೆ ಜಾರಿತು, ಅಷ್ಟೇ.

ಹಾಗಾದರೆ ಯಾಕೆ ತಲೆಕೆಡಿಸಿಕೊಳ್ಳಬೇಕು ಅಂದರೆ, ನಷ್ಟವನ್ನು ಕಾನೂನು ಹೇಗೆ ನೋಡುತ್ತೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಭಾರತದಲ್ಲಿ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. ಒಂದು ಮಾರಾಟದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ. ಮೇಲಿನ ಲೆಕ್ಕವನ್ನೇ ಈ ನಿಯಮದಲ್ಲಿ ಇಟ್ಟು ನೋಡಿ. ಫೀಫೊದಲ್ಲಿ 1,500ಕ್ಕೆ ತೆರಿಗೆ, ಆ 500 ನಷ್ಟ ಸುಮ್ನೆ ಹೋಯಿತು. ಹೈಫೊದಲ್ಲೂ 1,500ಕ್ಕೇ. ಸರಾಸರಿಯಲ್ಲಿ ಮಾತ್ರ 1,000ಕ್ಕೆ. ಎರಡೂ ಒಂದೇ ವರ್ಷದಲ್ಲಿ ಮಾರಿದ್ದರೂ ಈ ವ್ಯತ್ಯಾಸ ಉಳಿಯುತ್ತೆ. "ಹೈಫೊ ಹಾಕಿದರೆ ಉಳಿತಾಯ" ಅನ್ನೋ ಮಾತು ಇಲ್ಲಿ ಬಿದ್ದುಹೋಗುತ್ತೆ, ಅಲ್ವಾ?

ಸರಾಸರಿ ಹಿಡಿಯಬಹುದಾ ಅನ್ನೋದು ಬೇರೆ ಪ್ರಶ್ನೆ. ಭಾರತದಲ್ಲಿ ಕ್ರಿಪ್ಟೊಗೆ ಇಂಥದ್ದೇ ವಿಧಾನ ಅಂತ ಕಾನೂನು ಹೆಸರಿಸಿಲ್ಲ. ಫೀಫೊ ಬಳಸುವವರೇ ಜಾಸ್ತಿ, ಸರಾಸರಿಯೂ ನಡೆಯುತ್ತೆ ಅನ್ನುವ ಸಿಎಗಳೂ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಒಂದನ್ನು ಹಿಡಿದು ವರ್ಷವರ್ಷವೂ ಅದನ್ನೇ ನಡೆಸಿ. ಲಾಭ ನೋಡಿಕೊಂಡು ವರ್ಷಕ್ಕೊಂದು ವಿಧಾನ ಹಾಕಿದರೆ ಪ್ರಶ್ನೆ ಬಂದಾಗ ಉತ್ತರ ಇರಲ್ಲ.

ಬೇರೆ ಕಡೆ ಆಯ್ಕೆಯೇ ಇಲ್ಲದಿರಬಹುದು. ಕೆನಡಾದಲ್ಲಿ ಸರಾಸರಿ. ಬ್ರಿಟನ್‌ನಲ್ಲೂ ಸರಾಸರಿಯೇ, ಆದರೆ ಮಾರಿದ ದಿನವೇ ಅಥವಾ ಮುಂದಿನ 30 ದಿನದೊಳಗೆ ಅದೇ ನಾಣ್ಯ ಮತ್ತೆ ಕೊಂಡಿದ್ದರೆ ಮೊದಲು ಅದರ ಜೊತೆ ಜೋಡಿಸಬೇಕು. ಅಮೆರಿಕದಲ್ಲಿ ಇಂಥದ್ದನ್ನೇ ಮಾರಿದೆ ಎಂದು ಆರಿಸಬಹುದು, ಹೈಫೊ ಅಲ್ಲಿ ಓಡುತ್ತೆ. ಆದರೆ ಆಯ್ಕೆ ಮಾರುವ ಹೊತ್ತಿಗೇ ಆಗಿರಬೇಕು, ಅದಕ್ಕೆ ದಾಖಲೆ ಇರಬೇಕು. ವರ್ಷದ ಕೊನೆಗೆ ಕೂತು ಆರಿಸುವ ಹಾಗಿಲ್ಲ. ಆರಿಸದಿದ್ದರೆ ಫೀಫೊ. ಅದೂ 2025ರ ಜನವರಿ 1ರಿಂದ ಪ್ರತಿ ವಾಲೆಟ್ ಅಥವಾ ಖಾತೆಗೆ ಬೇರೆ ಬೇರೆ ಲೆಕ್ಕ.

ನಿಮಗೆ ಮೂರು ಜಾಗ ಇರುವುದರಿಂದ ಈ ಕೊನೆಯ ಮಾತು ಗಮನಿಸಿ. ಜೂನ್‌ನ ನಾಣ್ಯವನ್ನು ಸ್ವಂತ ವಾಲೆಟ್‌ಗೆ ಕಳಿಸಿ, ಸೆಪ್ಟೆಂಬರ್‌ನಲ್ಲಿ ಅಲ್ಲಿಂದಲೇ ಮಾರಿದಿರಿ ಅಂದುಕೊಳ್ಳಿ. ವಾಲೆಟ್‌ವಾರು ಲೆಕ್ಕದಲ್ಲಿ ಆ ವಾಲೆಟ್‌ನಲ್ಲಿ ಇದ್ದದ್ದು ಜೂನ್‌ನದು ಮಾತ್ರ. ಫೀಫೊ ಹಿಡಿದರೂ 500 ನಷ್ಟವೇ ಬರುತ್ತೆ, 1,500 ಲಾಭ ಅಲ್ಲ. ಅದಕ್ಕೇ ಯಾವ ಖರೀದಿಯ ನಾಣ್ಯ ಎಲ್ಲಿಗೆ ಹೋಯಿತು ಅನ್ನೋದೂ ದಾಖಲೆಯಲ್ಲಿ ಇರಬೇಕು.

ಇನ್ನು ದಾಖಲೆ. ಎರಡೂ ಎಕ್ಸ್‌ಚೇಂಜ್‌ನಿಂದ ಶುರುವಿನಿಂದ ಇವತ್ತಿನವರೆಗಿನ ವ್ಯವಹಾರಗಳ ಪಟ್ಟಿಯನ್ನು ಸಿಎಸ್‌ವಿ ಫೈಲ್ ಆಗಿ ಇಳಿಸಿಕೊಳ್ಳಿ. ಟ್ರೇಡ್ ಫೈಲ್ ಒಂದೇ ಸಾಲದು, ಠೇವಣಿ ಮತ್ತು ಹಿಂಪಡೆದದ್ದರ ಫೈಲ್ ಹಲವು ಕಡೆ ಬೇರೆ ಇರುತ್ತೆ. ಮೂಲ ಫೈಲನ್ನು ಹಾಗೇ ಎತ್ತಿಟ್ಟು ಪ್ರತಿಯಲ್ಲಿ ಕೆಲಸ ಮಾಡಿ. ಎಕ್ಸೆಲ್ ದಿನ–ತಿಂಗಳನ್ನು ಅದಲುಬದಲು ಮಾಡುತ್ತೆ, 15 ಅಂಕಿ ದಾಟಿದ ಸಂಖ್ಯೆಯ ಬಾಲ ಕತ್ತರಿಸುತ್ತೆ. ಪ್ರತಿ ಸಾಲಿಗೂ ಸಮಯ, ಕೊಟ್ಟದ್ದು ಎಷ್ಟು, ಪಡೆದದ್ದು ಎಷ್ಟು, ಶುಲ್ಕ ಯಾವ ನಾಣ್ಯದಲ್ಲಿ, ಆ ಹೊತ್ತಿನ ಬೆಲೆ ನಿಮ್ಮ ಕರೆನ್ಸಿಯಲ್ಲಿ ಎಷ್ಟು, ಆ ಬೆಲೆ ಎಲ್ಲಿಂದ ತೆಗೆದದ್ದು, ಯಾವ ವಾಲೆಟ್, ವರ್ಗಾವಣೆಯ ಗುರುತು ಸಂಖ್ಯೆಯಾದ TxID ಇಷ್ಟು ಇರಲಿ. ನಾಣ್ಯಕ್ಕೆ ನಾಣ್ಯ ಬದಲಾಯಿಸಿದ್ದೂ ಹೆಚ್ಚಿನ ದೇಶಗಳಲ್ಲಿ ಮಾರಾಟವೇ, ಅದಕ್ಕೂ ಬೆಲೆ ಬೇಕು. ಫೈಲ್‌ನಲ್ಲಿ ಸಮಯ ಹೆಚ್ಚಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತೆ, ನಿಮ್ಮ ಊರಿನ ಸಮಯದಲ್ಲಲ್ಲ. ತೆರಿಗೆ ವರ್ಷ ಮುಗಿಯುವ ರಾತ್ರಿ ಮಾಡಿದ ಟ್ರೇಡ್ ಇದರಿಂದ ಬೇರೆ ವರ್ಷಕ್ಕೆ ಬೀಳಬಹುದು.

ಹೆಚ್ಚು ಎಡವಟ್ಟಾಗುವುದು ಇಲ್ಲಿ:

```
2024-06-11 09:42:10,Withdrawal,ETH,-0.5000,fee 0.0005
2024-06-11 09:58:33,Deposit,ETH,0.4995
```

ಮೊದಲ ಸಾಲು ಎಕ್ಸ್‌ಚೇಂಜ್‌ನದು, ಎರಡನೆಯದು ನಿಮ್ಮ ವಾಲೆಟ್‌ನದು. ಎರಡೂ ಒಂದೇ ವರ್ಗಾವಣೆ. ಕ್ರಿಪ್ಟೊ ತೆರಿಗೆ ಸಾಫ್ಟ್‌ವೇರ್ ಇವನ್ನು ಜೋಡಿಸದಿದ್ದರೆ ಮೊದಲನೆಯದನ್ನು ಮಾರಾಟ ಅನ್ನುತ್ತೆ, ಎರಡನೆಯದನ್ನು ಅಸಲು ಸೊನ್ನೆ ಇರುವ ಹೊಸ ನಾಣ್ಯ ಅನ್ನುತ್ತೆ. ಆಮೇಲೆ ಮಾರಿದಾಗ ಇಡೀ ಬೆಲೆಯೇ ಲಾಭವಾಗಿ ಕೂರುತ್ತೆ. ಕೈಯಿಂದ ಜೋಡಿಸಿ, ಕೊಂಡ ತಾರೀಖು ಮತ್ತು ಅಸಲು ಎರಡೂ ಮುಂದಕ್ಕೆ ಬರಲಿ.

ಸರಿಯಾಗಿದೆಯಾ ಅಂತ ತಿಳಿಯಲು ಪ್ರತಿ ವಾಲೆಟ್‌ನ ಪ್ರತಿ ನಾಣ್ಯಕ್ಕೂ ಸಾಲುಸಾಲಿಗೆ ಉಳಿಕೆ ಹಾಕುತ್ತಾ ಬನ್ನಿ. ಎಲ್ಲಾದರೂ ಮೈನಸ್‌ಗೆ ಹೋದರೆ ಅದಕ್ಕಿಂತ ಹಿಂದಿನ ಒಂದು ಖರೀದಿಯೋ ಠೇವಣಿಯೋ ಬಿಟ್ಟುಹೋಗಿದೆ. ಕೊನೆಯ ಉಳಿಕೆ ವಾಲೆಟ್ ತೋರಿಸುವ ಸಂಖ್ಯೆಗೆ ಕೂಡಬೇಕು. ಶುಲ್ಕದಷ್ಟೇ ವ್ಯತ್ಯಾಸ ಬಂದರೆ ಶುಲ್ಕ ಬರೆಯುವುದು ಮರೆತಿದೆ.

ತನ್ನ ಎಕ್ಸ್‌ಚೇಂಜ್ ಮುಚ್ಚಿಹೋಯಿತು, ಸಿಎಸ್‌ವಿ ಇಲ್ಲ ಎಂದು ಬರೆದವರಿಗೆ: ಇಮೇಲ್‌ನಲ್ಲಿ ಹಳೆಯ ಟ್ರೇಡ್ ದೃಢೀಕರಣ ಹುಡುಕಿ. ಹಣ ಹೋದ ತಾರೀಖು, ಮೊತ್ತ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಸಿಗುತ್ತೆ. ಹೊರಗೆ ಕಳಿಸಿದ ನಾಣ್ಯ, ವರ್ಗಾವಣೆಗಳನ್ನು ಹುಡುಕಿ ನೋಡುವ ಬ್ಲಾಕ್‌ಚೈನ್ ಎಕ್ಸ್‌ಪ್ಲೋರರ್ ತಾಣದಲ್ಲಿ ಸಿಗುತ್ತೆ. ಆದರೆ ಎಕ್ಸ್‌ಚೇಂಜ್ ಒಳಗೇ ನಡೆದ ಟ್ರೇಡ್ ಚೈನ್‌ನಲ್ಲಿ ಇರಲ್ಲ. ಅದನ್ನು ಅಂದಾಜಿಸಿದ್ದರೆ ಅಂದಾಜು ಅಂತಲೇ ಬರೆದಿಡಿ. ಅಧಿಕಾರಿ ಒಪ್ಪುತ್ತಾರಾ ಅನ್ನೋದನ್ನು ಇಲ್ಲಿ ಯಾರೂ ಹೇಳಲಾರರು.



ಪ್ರಶ್ನೆ ಹಾಕಿದವರು ಈ ಮೂರು ವರ್ಷದಲ್ಲಿ ಯಾವ ದೇಶದಲ್ಲಿ ತೆರಿಗೆ ಕಟ್ಟುತ್ತಿದ್ದಿರಿ, ಮಧ್ಯೆ ದೇಶ ಬದಲಾಯಿಸಿದ್ದೀರಾ ಅಂತ ಹೇಳಿ. ಬದಲಾಯಿಸಿದ್ದರೆ ಆ ತಾರೀಖಿನಂದು ಯಾವ ವಾಲೆಟ್‌ನಲ್ಲಿ ಎಷ್ಟಿತ್ತು ಅನ್ನೋ ಪಟ್ಟಿಯನ್ನು ಮೊದಲು ಮಾಡಿ, ಉಳಿದದ್ದು ಆಮೇಲೆ.