ಪೈನ್ ಕಂಡರೆ ಚಳಿನಾಡು, ತಾಳೆ ಕಂಡರೆ ಉಷ್ಣವಲಯ ಅನ್ನಬಹುದಾ?

ಪ್ರಶ್ನೆ: "ಫೋಟೊದಲ್ಲಿ ಪೈನ್ ಮರ ಇದ್ದರೆ ಶೀತ ಪ್ರದೇಶ, ತಾಳೆ ಜಾತಿ ಇದ್ದರೆ ಉಷ್ಣವಲಯ, ಮುಳ್ಳುಪೊದೆ ಇದ್ದರೆ ಒಣನಾಡು ಅಂತ ಹೇಳಬಹುದಾ? ಯಾವ ಮರ ನೋಡಿದರೆ ಬೇಗ ಗೊತ್ತಾಗುತ್ತೆ?"

ಯಾವ ಮರವನ್ನೂ ನಂಬಬೇಡಿ. ಅದು ತಾನಾಗಿ ಹುಟ್ಟಿದ್ದೋ, ಯಾರೋ ನೆಟ್ಟಿದ್ದೋ ಅಂತ ಮೊದಲು ನೋಡಿ. ಇದನ್ನು ನೋಡದೆ ನಾನು ಊಟಿಯ ಒಂದು ಫೋಟೊವನ್ನು ಉತ್ತರಾಖಂಡ ಅಂದುಬಿಟ್ಟಿದ್ದೆ. ಗುಡ್ಡದ ಇಳಿಜಾರಿನಲ್ಲಿ ಉದ್ದ ಸೂಜಿ ಎಲೆಯ ಪೈನ್, ಪಕ್ಕದಲ್ಲಿ ಕೆಂಪು ಹೂವಿನ ರೋಡೋಡೆಂಡ್ರಾನ್, ಹಿಂದೆ ಮಂಜು. ಹಿಮಾಲಯ ಅನ್ನಲು ಇನ್ನೇನು ಬೇಕು ಅನಿಸಿತ್ತು.

ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಕೆಂಪು ರೋಡೋಡೆಂಡ್ರಾನ್ ನೀಲಗಿರಿ ಬೆಟ್ಟಗಳಲ್ಲೂ ಸಹಜವಾಗಿಯೇ ಬೆಳೆಯುತ್ತದೆ, ಹಾಗಾಗಿ ಅದು ಸುಳಿವೇ ಅಲ್ಲ. ಸುಳಿವು ಇದ್ದದ್ದು ಅದು ನಿಂತಿದ್ದ ಜಾಗದಲ್ಲಿ. ಹಿಮಾಲಯದಲ್ಲಿ ಅದು ಸಾಮಾನ್ಯವಾಗಿ ಓಕ್ ಮರಗಳ ಜೊತೆ ಕಾಡಿನೊಳಗೆ ಇರುತ್ತದೆ. ಫೋಟೊದಲ್ಲಿ ಹುಲ್ಲುಗಾವಲಿನ ನಡುವೆ ಅಲ್ಲೊಂದು ಇಲ್ಲೊಂದು ಕುಳ್ಳಗೆ, ಸೊಟ್ಟಗೆ ನಿಂತಿತ್ತು.

ಪೈನ್‌ನದೂ ಇದೇ ಕಥೆ. ಹಿಮಾಲಯದ ಚೀರ್ ಪೈನ್ ಕಾಡಿನಲ್ಲಿ ಮುದಿಮರದ ಪಕ್ಕ ಆಳೆತ್ತರದ ಸಸಿಯೂ ಇರುತ್ತದೆ, ಕಾಡಿನ ಅಂಚು ಇಳಿಜಾರಿನ ಜೊತೆಗೇ ಬಳುಕುತ್ತದೆ. ನನ್ನ ಫೋಟೊದ ಪೈನ್‌ಗಳೆಲ್ಲ ಒಂದೇ ಎತ್ತರ, ಒಂದೇ ದಪ್ಪ. ತೋಪಿನ ಅಂಚು ಗೆರೆ ಎಳೆದಂತೆ ನೇರವಾಗಿ ನಿಂತುಬಿಟ್ಟಿತ್ತು. ಅದು ಮೆಕ್ಸಿಕೊ ಮೂಲದ ಪೈನ್, ನೆಟ್ಟ ತೋಪು. ತೊಗಟೆಯಲ್ಲೂ ವ್ಯತ್ಯಾಸ ಕಾಣುತ್ತದೆ: ಚೀರ್‌ನದು ದಪ್ಪ ಚಕ್ಕೆ ಚಕ್ಕೆಯಾಗಿ ಸೀಳಿರುತ್ತದೆ, ಇದರದು ಕಾಂಡದ ಮೇಲ್ಭಾಗದಲ್ಲಿ ಕೆಂಪಗೆ, ಕಾಗದದಂತೆ ತೆಳ್ಳಗೆ ಸುಲಿಯುತ್ತಿರುತ್ತದೆ. ಆದರೆ ದೂರದ ಫೋಟೊದಲ್ಲಿ ತೊಗಟೆ ಕಾಣುವುದಿಲ್ಲ. ಅಂಚು ಕಾಣುತ್ತದೆ.

ಇನ್ನೂ ಗಟ್ಟಿಯಾದ ಸಾಕ್ಷಿ ಗುಡ್ಡದ ಮಡಿಕೆಗಳಲ್ಲಿತ್ತು, ನಾನು ಅಲ್ಲಿ ಝೂಮ್ ಮಾಡಲೇ ಇಲ್ಲ. ನೀರು ಇಳಿಯುವ ಕೊರಕಲುಗಳಲ್ಲಿ ಮಾತ್ರ ಒತ್ತಾದ ಕಾಡು. ಹೂಕೋಸಿನಂಥ ಗುಂಡು ತಲೆಗಳು, ನಡುನಡುವೆ ಕೆಂಪು ಚಿಗುರು. ಅದರಾಚೆ ಥಟ್ಟನೆ ಬೋಳು ಹುಲ್ಲು. ಇದು ಶೋಲಾ, ದಕ್ಷಿಣ ಭಾರತದ ಎತ್ತರದ ಬೆಟ್ಟಗಳ ಕಾಡು. ಸುಮಾರು 11 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಊಟಿ 2,200 ಮೀಟರ್‌ ಎತ್ತರದಿಂದಾಗಿ ತಂಪಾಗಿದೆ, ಅಷ್ಟೆ. ಅಲ್ಲಿ ಅತಿ ಬಿಸಿ ತಿಂಗಳಿಗೂ ಅತಿ ತಂಪು ತಿಂಗಳಿಗೂ ಸರಾಸರಿಯಲ್ಲಿ ಐದಾರು ಡಿಗ್ರಿ ಅಂತರ; ಮಸ್ಸೂರಿಯಲ್ಲಿ ಹತ್ತು ಡಿಗ್ರಿಗೂ ಮಿಕ್ಕಿ. ಪೈನ್ ಎರಡೂ ಕಡೆ ಬದುಕುತ್ತದೆ, ಶೋಲಾ ಬದುಕುವುದಿಲ್ಲ. ಅದಕ್ಕೇ ನೆಟ್ಟ ಮರವನ್ನು ಬಿಟ್ಟು, ಯಾರೂ ನೆಡದೆ ಉಳಿದಿರುವ ಮೂಲೆಯನ್ನು ಹುಡುಕಿ: ಕೊರಕಲು, ಬಂಡೆಯ ಸಂದು, ಬೇಲಿಯ ಆಚೆ.

ತಾಳೆ ಜಾತಿಯ ವಿಷಯದಲ್ಲಿ ನಿಮ್ಮ ಲೆಕ್ಕ ಇನ್ನೂ ಬೇಗ ಕೈಕೊಡುತ್ತದೆ. ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಬೀಸಣಿಗೆ ಎಲೆಯ ಚೀನೀ ತಾಳೆ ಸಾಲಾಗಿ ನಿಂತಿರುತ್ತದೆ, ಹಿಂದೆ ಹಿಮದ ಬೆಟ್ಟ. ಅದು ಹಿಮ ಬಿದ್ದರೂ ಸಾಯುವುದಿಲ್ಲ. ಖರ್ಜೂರ ಹೇಳುವುದು ಒಣ ಬಿಸಿಲನ್ನು. ನಾನು ಒಪ್ಪುವುದು ಕಾಯಿ ಬಿಟ್ಟ ತೆಂಗನ್ನು ಮಾತ್ರ. ಅಲ್ಲಿ ಕೊರೆಯುವ ಹಿಮ ಬೀಳುವುದಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಮಳೆಯ ಬಗ್ಗೆ ಅದೂ ಏನೂ ಹೇಳುವುದಿಲ್ಲ. ಅಡಿಕೆಯಂತೂ ಕೇಳಲೇಬೇಡಿ. ಹೊಳಲ್ಕೆರೆ ಕಡೆಯ ತೋಟದ ಫೋಟೊ ನೋಡಿ ಮಲೆನಾಡು ಅನ್ನುವವರು ಬೇಕಾದಷ್ಟು ಜನ. ತೋಟದ ಬೇಲಿ ದಾಟಿದರೆ ಜಾಲಿ, ಬೋಳುಗುಡ್ಡ. ಆ ಹಸಿರು ಬೋರ್‌ವೆಲ್ಲಿನದು.

ಒಣಪೊದೆ, ಎಲೆಯಿಲ್ಲದ ಮರ ಕಂಡಾಗ ಕೇಳಬೇಕಾದದ್ದು ಬೇರೆ: ಎಲೆ ಉದುರಿದ್ದು ಚಳಿಗೋ, ನೀರಿಲ್ಲದ್ದಕ್ಕೋ? ಮಾರ್ಚ್‌ನ ಬಂಡೀಪುರ ಯುರೋಪಿನ ಚಳಿಗಾಲದ ಕಾಡಿನಷ್ಟೇ ಬೋಳಾಗಿರುತ್ತದೆ. ಎಲೆಯಿಲ್ಲದ ಕೊಂಬೆಯಲ್ಲಿ ಮುತ್ತುಗದ ಕಿತ್ತಳೆ ಹೂವು ಸಿಕ್ಕರೆ ಕೆಲಸ ಮುಗಿಯಿತು. ಸಿಗದಿದ್ದರೆ ನೆರಳು ನೋಡಿ. ಮಾರ್ಚ್ ಮಧ್ಯಾಹ್ನ ಇಲ್ಲಿ ನೆರಳು ಬುಡದಲ್ಲೇ ಮುದುಡಿರುತ್ತದೆ. 45 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಗೆ ನಡುಮಧ್ಯಾಹ್ನವೂ ನೆರಳು ಮರದ ಎರಡೂವರೆ ಪಟ್ಟು ಉದ್ದ. ಬೋಳುಮರದ ಕೆಳಗೆ ಗಿಡ್ಡ ನೆರಳಿದ್ದರೆ ಅದು ಬಹುಮಟ್ಟಿಗೆ ಬೇಸಿಗೆಯ ಒಣಕಾಡು. ಉದ್ದ ನೆರಳಿನಿಂದ ಮಾತ್ರ ಏನನ್ನೂ ತೀರ್ಮಾನಿಸಬೇಡಿ, ಅದು ಬೆಳಿಗ್ಗೆ ಏಳು ಗಂಟೆಯ ಬಂಡೀಪುರವೂ ಆಗಿರಬಹುದು.