ಟಾರ್ಗೆಟ್ ತಪ್ಪಿದೆ, ಹೂಡಿಕೆದಾರರಿಗೆ ಏನಂತ ಬರೆಯಲಿ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಕಂಪನಿ. ರಕ್ತ ಪರೀಕ್ಷೆಯ ಲ್ಯಾಬ್‌ಗಳಿಗೆ ಬಿಲ್ಲಿಂಗ್ ಮತ್ತು ರಿಪೋರ್ಟ್ ಸಾಫ್ಟ್‌ವೇರ್ ಕೊಡ್ತೇವೆ. ಜುಲೈ–ಸೆಪ್ಟೆಂಬರ್ ಕ್ವಾರ್ಟರ್‌ಗೆ 60 ಲಕ್ಷ ಆದಾಯ ಅಂತ ಹೂಡಿಕೆದಾರರಿಗೆ ಹೇಳಿದ್ದೆ, ಆದದ್ದು 42 ಲಕ್ಷ. ಅವರಿಗೆ ಬರೆಯಬೇಕಾದ ಇಮೇಲ್‌ನ ಕರಡು ಮತ್ತು ಲೆಕ್ಕದ ಶೀಟ್ ಜೊತೆಗಿದೆ. ಹೋದ ವರ್ಷಕ್ಕಿಂತ 40% ಬೆಳವಣಿಗೆ ಅಂತ ಶುರು ಮಾಡಿ, ಕಮ್ಮಿ ಬಿದ್ದ 18 ಲಕ್ಷವನ್ನು ಮುಂದಿನ ಕ್ವಾರ್ಟರ್‌ನಲ್ಲಿ ತುಂಬಿಕೊಳ್ತೇವೆ ಅಂತ ಬರೆದಿದ್ದೇನೆ. ಹೀಗೇ ಕಳಿಸಬಹುದಾ?

ಉತ್ತರ: ಹೀಗೇ ಕಳಿಸಬೇಡಿ. ಮೊದಲ ಸಾಲು ಮತ್ತು ಕೊನೆಯ ಭರವಸೆ, ಎರಡೂ ಬದಲಾಗಬೇಕು.

40% ಸುಳ್ಳಲ್ಲ. ಹೋದ ವರ್ಷ ಇದೇ ಕ್ವಾರ್ಟರ್‌ನಲ್ಲಿ 30 ಲಕ್ಷ ಇತ್ತು, ಈಗ 42. ಆದರೆ ನಿಮ್ಮ ಶೀಟ್‌ನಲ್ಲೇ ಇನ್ನೊಂದು ಅಂಕಿ ಇದೆ, ಅದು ಕರಡಿನಲ್ಲಿ ಎಲ್ಲೂ ಇಲ್ಲ. ಏಪ್ರಿಲ್–ಜೂನ್‌ನಲ್ಲಿ ನಿಮ್ಮ ಆದಾಯ 45 ಲಕ್ಷ. ಅಂದರೆ ನೀವು ಟಾರ್ಗೆಟ್ ಮುಟ್ಟಲಿಲ್ಲ ಅನ್ನುವುದಷ್ಟೇ ಅಲ್ಲ, ಹಿಂದಿನ ಕ್ವಾರ್ಟರ್‌ಗಿಂತ ಕೆಳಗೆ ಇಳಿದಿದ್ದೀರಿ. ತಿಂಗಳಿಗೆ ಇಷ್ಟು ಅಂತ ಚಂದಾ ಬರುವ ವ್ಯವಹಾರದಲ್ಲಿ ಇಳಿಕೆ ಸಣ್ಣ ಸಂಗತಿ ಅಲ್ಲ. ಹೊಸ ಗಿರಾಕಿ ಒಬ್ಬರೂ ಸಿಗದಿದ್ದರೂ ಹಳಬರು ಉಳಿದರೆ ಆದಾಯ ಇದ್ದಲ್ಲೇ ಇರಬೇಕು. ಇಳಿಯಿತು ಅಂದರೆ ಹಳಬರು ಬಿಟ್ಟು ಹೋಗಿದ್ದಾರೆ. ಹೂಡಿಕೆದಾರರ ಹತ್ತಿರ ನಿಮ್ಮ ಹಿಂದಿನ ಇಮೇಲ್ ಇರುತ್ತದೆ. 45 ಮತ್ತು 42 ಪಕ್ಕಪಕ್ಕ ಇಟ್ಟು ನೋಡಲು ಅವರಿಗೆ ಎಷ್ಟು ಹೊತ್ತು ಬೇಕು? ಆ ಕ್ಷಣದಿಂದ ಉಳಿದ ಇಮೇಲನ್ನು ಅವರು ಅನುಮಾನದಲ್ಲೇ ಓದುತ್ತಾರೆ. ಅದಕ್ಕೆ ಮೂರು ಅಂಕಿಗಳನ್ನೂ ಮೇಲೆಯೇ ಹಾಕಿ: ಹೇಳಿದ್ದು 60, ಆದದ್ದು 42, ಹಿಂದಿನ ಕ್ವಾರ್ಟರ್ 45. ಹೋದ ವರ್ಷದ 30 ಅದರ ಕೆಳಗೆ ಬರಲಿ. ಆಡಿಟ್ ಆಗದ ಅಂಕಿಗಳು ಇವು ಅಂತ ಒಂದು ಮಾತು ಸೇರಿಸಿ. ಆಡಿಟ್ ಮುಗಿಯಲಿ ಅಂತ ಇಮೇಲ್ ತಡ ಮಾಡಬೇಡಿ.

ಇನ್ನು ಕಾರಣ. "ಮಾರುಕಟ್ಟೆ ಸ್ವಲ್ಪ ಮಂದ ಇತ್ತು, ಕೆಲವು ಡೀಲ್‌ಗಳು ಮುಂದೆ ಹೋದವು" ಅಂತ ಬರೆದಿದ್ದೀರಿ. ಶೀಟ್ ಬೇರೆ ಕಥೆ ಹೇಳುತ್ತಿದೆ. 18 ಲಕ್ಷ ಎಲ್ಲಿ ಹೋಯಿತು ಅಂತ ನಾನು ಬಿಡಿಸಿ ನೋಡಿದೆ.

ಮಂಗಳೂರಿನ ಲ್ಯಾಬ್ ಸರಪಳಿ ಜೂನ್‌ನಲ್ಲೇ ಒಪ್ಪಂದಕ್ಕೆ ಸಹಿ ಹಾಕಿದೆ. 50 ಶಾಖೆ, ಶಾಖೆಗೆ ತಿಂಗಳಿಗೆ 6,000 ರೂಪಾಯಿ, ಒಟ್ಟು ತಿಂಗಳಿಗೆ 3 ಲಕ್ಷ. ಜುಲೈ 1ಕ್ಕೆ ಶುರುವಾಗಬೇಕಿತ್ತು. ಅವರ ಹಳೇ ಸಾಫ್ಟ್‌ವೇರ್‌ನ ಡೇಟಾ ತರುವುದು ತಡವಾಗಿ ಸೆಪ್ಟೆಂಬರ್ ಮಧ್ಯದಲ್ಲಿ ಶುರುವಾಯಿತು. 9 ಲಕ್ಷ ಬರಬೇಕಾದಲ್ಲಿ ಒಂದೂವರೆ ಲಕ್ಷ ಬಂತು, ಏಳೂವರೆ ಲಕ್ಷ ಕಮ್ಮಿ. ಎರಡನೆಯ ಸರಪಳಿ ಆಗಸ್ಟ್‌ನಿಂದ ತಿಂಗಳಿಗೆ 2 ಲಕ್ಷ ಕೊಡುತ್ತದೆ ಅಂದುಕೊಂಡಿದ್ದಿರಿ, ಅದು ಇನ್ನೂ ಸಹಿಯನ್ನೇ ಹಾಕಿಲ್ಲ. ಅಲ್ಲಿ 4 ಲಕ್ಷ. ಉಳಿದ ಆರೂವರೆ ಲಕ್ಷ ಹೋದದ್ದು ಬಿಟ್ಟು ಹೋದ ಸಣ್ಣ ಲ್ಯಾಬ್‌ಗಳಿಂದ. ತಿಂಗಳಿಗೆ 2,500 ರೂಪಾಯಿ ಕೊಡುತ್ತಿದ್ದ 87 ಲ್ಯಾಬ್‌ಗಳು ಜೂನ್ ಕೊನೆಗೆ ನವೀಕರಣವನ್ನೇ ಮಾಡಲಿಲ್ಲ.

ಈ ಮೂರೂ ಒಂದೇ ಜಾತಿಯವಲ್ಲ. ಮೊದಲನೆಯದು ತಡ, ಎರಡನೆಯದು ಇನ್ನೂ ಬರೀ ಆಸೆ, ಮೂರನೆಯದು ನಷ್ಟ. "ಡೀಲ್ ಮುಂದೆ ಹೋಯಿತು" ಅನ್ನುವ ಒಂದೇ ಚೀಲಕ್ಕೆ ಮೂರನ್ನೂ ತುಂಬಿದರೆ ಹೂಡಿಕೆದಾರರಿಗೆ ಏನೂ ತಿಳಿಯುವುದಿಲ್ಲ. ಮೂರು ಸಾಲಿನ ಪುಟ್ಟ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಮೊತ್ತ ಬರೆಯಿರಿ. ಮೂರೂ ಕೂಡಿದರೆ ಸರಿಯಾಗಿ 18 ಬರಬೇಕು. ಬರದಿದ್ದರೆ ಕಾರಣ ನಿಮಗೇ ಪೂರ್ತಿ ಗೊತ್ತಿಲ್ಲ ಅಂತ ಅರ್ಥ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಶೀಟ್‌ನ ಕೊನೆಯ ಟ್ಯಾಬ್‌ನಲ್ಲಿ, ಸಪೋರ್ಟ್ ಕರೆಗಳ ಲೆಕ್ಕದಲ್ಲಿದೆ. ಮೇ ತಿಂಗಳಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಕೆಲವು ಅನಲೈಸರ್ ಯಂತ್ರಗಳಿಂದ ಫಲಿತಾಂಶ ತಾನಾಗಿಯೇ ರಿಪೋರ್ಟ್‌ಗೆ ಬರುವುದು ನಿಂತಿತು. ಲ್ಯಾಬ್‌ನವರು ಒಂದೊಂದು ಅಂಕಿಯನ್ನೂ ಕೈಯಲ್ಲಿ ಟೈಪ್ ಮಾಡಬೇಕಾಯಿತು. ನಿಮಗೆ ಫೋನ್ ಮಾಡಿದರು. ಎತ್ತುವವರು ಇರಲಿಲ್ಲ, ಯಾಕೆಂದರೆ ಮೂವರು ಸಪೋರ್ಟ್ ಹುಡುಗರಲ್ಲಿ ಇಬ್ಬರನ್ನು ಮಂಗಳೂರಿನ ಡೇಟಾ ಕೆಲಸಕ್ಕೆ ಹಾಕಿದ್ದಿರಿ. ಹಾಗಾಗಿ ಏಳೂವರೆ ಲಕ್ಷದ ತಡಕ್ಕೂ ಆರೂವರೆ ಲಕ್ಷದ ನಷ್ಟಕ್ಕೂ ಬೇರು ಒಂದೇ: ದೊಡ್ಡ ಗಿರಾಕಿಯನ್ನು ಒಳಗೆ ತರಲು ಬೇಕಾದಷ್ಟು ಜನ ನಿಮ್ಮಲ್ಲಿರಲಿಲ್ಲ. ಇದನ್ನು ನೇರವಾಗಿ ಬರೆಯಿರಿ. ಮಾರುಕಟ್ಟೆ ಮಂದ ಅಂದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ ಅಂತಾಗುತ್ತದೆ. ಜನ ಸಾಲಲಿಲ್ಲ ಅಂದರೆ ಸರಿಪಡಿಸಲು ಒಂದು ಕೆಲಸ ಇದೆ ಅಂತಾಗುತ್ತದೆ, ಅಲ್ವಾ?

ಈಗ 18 ಲಕ್ಷ ತುಂಬಿಕೊಳ್ಳುವ ಮಾತು. ಅಕ್ಟೋಬರ್–ಡಿಸೆಂಬರ್‌ಗೆ ಮೊದಲೇ 75 ಲಕ್ಷ ಅಂತ ಹೇಳಿದ್ದಿರಿ, ಅದಕ್ಕೆ 18 ಸೇರಿಸಿ 93 ಅಂತ ಬರೆದಿದ್ದೀರಿ. ಚಂದಾ ವ್ಯವಹಾರದಲ್ಲಿ ಇದು ನಡೆಯುವುದಿಲ್ಲ. ಮಂಗಳೂರಿನವರು ಎರಡೂವರೆ ತಿಂಗಳು ತಡವಾಗಿ ಬಂದರು ಅಂತ ಡಿಸೆಂಬರ್‌ನಲ್ಲಿ ಡಬಲ್ ಹಣ ಕೊಡುವುದಿಲ್ಲ. ಹೋದ ತಿಂಗಳುಗಳ ಆದಾಯ ಈ ವರ್ಷದ ಮಟ್ಟಿಗೆ ಹೋದಂತೆಯೇ.

ಹೊಸ ಅಂಕಿಯನ್ನು ಕೆಳಗಿನಿಂದ ಕಟ್ಟಿ. ಸೆಪ್ಟೆಂಬರ್‌ನಲ್ಲಿ ಮಂಗಳೂರು ಬಿಟ್ಟು ಉಳಿದವರಿಂದ 14 ಲಕ್ಷ ಬಂದಿದೆ. ಅಕ್ಟೋಬರ್‌ನಿಂದ ಮಂಗಳೂರಿನ ಪೂರ್ತಿ 3 ಲಕ್ಷ ಸೇರುತ್ತದೆ. ತಿಂಗಳಿಗೆ 17, ಮೂರು ತಿಂಗಳಿಗೆ 51. ಇದಕ್ಕೆ ಹೊಸ ಮಾರಾಟ ಏನೂ ಬೇಕಿಲ್ಲ. ಇನ್ನಷ್ಟು ಸಣ್ಣ ಲ್ಯಾಬ್‌ಗಳು ಬಿಟ್ಟು ಹೋಗಬಹುದು, 2 ಲಕ್ಷ ಕಳೆಯಿರಿ. ಈಗ ಟ್ರಯಲ್‌ನಲ್ಲಿರುವವರಿಂದ 3 ಲಕ್ಷ ಕೂಡಿಸಿ. 52 ಲಕ್ಷ ಆಯಿತು. ಇಮೇಲ್‌ನಲ್ಲಿ ಬರೆಯಬೇಕಾದದ್ದು ಈ 52. ಎರಡನೆಯ ಸರಪಳಿಯನ್ನು ಇದರಲ್ಲಿ ಸೇರಿಸಬೇಡಿ. ಸಹಿ ಆದರೆ ತಿಂಗಳಿಗೆ 2 ಲಕ್ಷ ಜಾಸ್ತಿ ಅಂತ ಪ್ರತ್ಯೇಕ ಸಾಲಿನಲ್ಲಿ ಹೇಳಿ. ಹೀಗೇ ಲೆಕ್ಕ ಹಿಡಿದರೆ ಜನವರಿ–ಮಾರ್ಚ್ 55 ಆಗುತ್ತದೆ. ವರ್ಷದ ಒಟ್ಟು 2.70 ಕೋಟಿ ಬದಲು 1.94 ಕೋಟಿ. ಬರೆಯಲು ಕೈ ನಡುಗುವ ಅಂಕಿ ಅದು, ನನಗೆ ಗೊತ್ತು. ಆದರೂ ಈಗಲೇ ಬರೆಯಿರಿ. ಟಾರ್ಗೆಟ್ ಒಂದು ಸಲ ತಪ್ಪಿದರೆ ಹೂಡಿಕೆದಾರರು ಕಾರಣ ಕೇಳುತ್ತಾರೆ. ಜನವರಿಯಲ್ಲಿ ಎರಡನೇ ಸಲ ತಪ್ಪಿದರೆ ನಿಮ್ಮ ಲೆಕ್ಕವನ್ನೇ ನಂಬುವುದು ಬಿಡುತ್ತಾರೆ.

ಆದಾಯ ಆದ ಮೇಲೆ ಅವರ ಕಣ್ಣು ಹೋಗುವುದು ಬ್ಯಾಂಕಿನಲ್ಲಿರುವ ಹಣದ ಮೇಲೆ. ಸೆಪ್ಟೆಂಬರ್ 30ಕ್ಕೆ 1.44 ಕೋಟಿ ಇದೆ, 12 ತಿಂಗಳ ರನ್‌ವೇ ಅಂತ ಬರೆದಿದ್ದೀರಿ. ಮೂರು ತಿಂಗಳಲ್ಲಿ ಹೊರಗೆ ಹೋದದ್ದು 75 ಲಕ್ಷ, ಒಳಗೆ ಬಂದದ್ದು 39. ತಿಂಗಳಿಗೆ 12 ಲಕ್ಷ ಕರಗುತ್ತಿದೆ, ಹಾಗಾಗಿ 12 ತಿಂಗಳು. ಆದರೆ ಆ 39ರಲ್ಲಿ 6 ಲಕ್ಷ ಆಗಸ್ಟ್‌ನಲ್ಲಿ ಬಂದ ಟಿಡಿಎಸ್ ರಿಫಂಡ್. ಅದು ಪ್ರತಿ ಕ್ವಾರ್ಟರ್ ಬರುವ ಹಣವಲ್ಲ. ಅದನ್ನು ತೆಗೆದರೆ ಕರಗುವುದು ತಿಂಗಳಿಗೆ 14 ಲಕ್ಷ, ರನ್‌ವೇ ಹತ್ತು ತಿಂಗಳು ಚಿಲ್ಲರೆ. ಹತ್ತು ಅಂತಲೇ ಬರೆಯಿರಿ, ರಿಫಂಡ್ ಬಿಟ್ಟು ಹಾಕಿದ ಲೆಕ್ಕ ಅಂತ ಪಕ್ಕದಲ್ಲಿ ತಿಳಿಸಿ. ಹೊಸ ಹೂಡಿಕೆ ಎತ್ತಲು ಆರು ತಿಂಗಳು ಹಿಡಿಯುವುದು ಸಾಮಾನ್ಯ. ಹಾಗಾಗಿ 12ಕ್ಕೂ 10ಕ್ಕೂ ನಡುವಿನ ಎರಡು ತಿಂಗಳು ದೊಡ್ಡ ವ್ಯತ್ಯಾಸವೇ.

ಸರಿಪಡಿಸುವ ಯೋಜನೆ ಅಂತ ನೀವು ಒಂಬತ್ತು ಅಂಶ ಹಾಕಿದ್ದೀರಿ, ಹೊಸ ಆ್ಯಪ್ ಮತ್ತು ತಮಿಳುನಾಡು ಮಾರುಕಟ್ಟೆ ಸೇರಿ. ಅಷ್ಟನ್ನೂ ಮಾಡಲು ಜನ ಎಲ್ಲಿದ್ದಾರೆ? ಕಾರಣಕ್ಕೆ ನೇರವಾಗಿ ಸಂಬಂಧಿಸಿದ್ದನ್ನು ಮಾತ್ರ ಇಡಿ. ಇಬ್ಬರು ಸಪೋರ್ಟ್ ಹುಡುಗರು ತಮ್ಮ ಜಾಗಕ್ಕೆ ವಾಪಸ್. ಸೇಲ್ಸ್‌ಗೆ ತಗೊಳ್ಳಬೇಕಿದ್ದ ಇಬ್ಬರ ಬದಲು ಡೇಟಾ ತರುವ ಕೆಲಸಕ್ಕೇ ಇಬ್ಬರು. ಯಂತ್ರದ ಸಮಸ್ಯೆ ಯಾವ ದಿನದೊಳಗೆ ಸರಿಹೋಗುತ್ತದೆ, ಯಾರ ಹೊಣೆ ಅನ್ನುವುದು. ಅದು ಸರಿಹೋದ ಮೇಲೆ ಬಿಟ್ಟು ಹೋದ 87 ಲ್ಯಾಬ್‌ಗಳಿಗೂ ನೀವೇ ಫೋನ್ ಮಾಡುವುದು. ಇದು ಕೆಲಸ ಮಾಡುತ್ತಿದೆಯೇ ಅಂತ ತಿಳಿಯಲು ಎರಡು ಅಳತೆ ಸಾಕು: ಅದೇ ದಿನ ಉತ್ತರ ಸಿಕ್ಕ ಕರೆಗಳು ಎಷ್ಟು, ತಿಂಗಳಲ್ಲಿ ಬಿಟ್ಟು ಹೋದ ಲ್ಯಾಬ್ ಎಷ್ಟು. ಆದಾಯದ ಅಂಕಿ ತಡವಾಗಿ ಬದಲಾಗುತ್ತದೆ, ಇವೆರಡು ಬೇಗ.

ಯೋಜನೆ ಫಲಿಸದಿದ್ದರೆ ಏನು ಅನ್ನುವುದನ್ನೂ ಇದೇ ಇಮೇಲ್‌ನಲ್ಲಿ ಹೇಳಿ. ನಾನಾದರೆ ಹೀಗೆ ಬರೆಯುತ್ತೇನೆ. ನೀವು ಇಂಗ್ಲಿಷಿನಲ್ಲಿ ಬರೆಯುವವರು, ಆದರೂ ಧಾಟಿ ಇದಿರಲಿ:

"ನವೆಂಬರ್ ತಿಂಗಳ ಆದಾಯ 17 ಲಕ್ಷಕ್ಕಿಂತ ಕಮ್ಮಿಯಾಗಿ, ಡಿಸೆಂಬರ್ 15ರೊಳಗೆ ಎರಡನೆಯ ಸರಪಳಿ ಸಹಿ ಹಾಕದಿದ್ದರೆ, ಜಾಹೀರಾತು ಮತ್ತು ಹೊಸ ನೇಮಕ ನಿಲ್ಲಿಸಿ, ಸಂಸ್ಥಾಪಕರ ಸಂಬಳ ಇಳಿಸಿ, ತಿಂಗಳಿಗೆ ಕರಗುವ ಹಣವನ್ನು 14ರಿಂದ 11 ಲಕ್ಷಕ್ಕೆ ತರುತ್ತೇವೆ. ಆಗ ಬ್ಯಾಂಕಿನಲ್ಲಿ ಸುಮಾರು 1 ಕೋಟಿ ಇರುತ್ತದೆ. ಅದು ಒಂಬತ್ತು ತಿಂಗಳಿಗೆ ಸಾಕು."

ದಿನಾಂಕ, ಗಡಿ, ಕ್ರಮ ಮೂರೂ ಇದರಲ್ಲಿವೆ. "ಖರ್ಚಿನ ಮೇಲೆ ನಿಗಾ ಇಡುತ್ತೇವೆ" ಅನ್ನುವ ನಿಮ್ಮ ಸಾಲನ್ನು ತೆಗೆದು ಇದನ್ನು ಹಾಕಿ. ಹಾಕುವ ಮುಂಚೆ ಆ 3 ಲಕ್ಷ ನಿಜವಾಗಿ ಎಲ್ಲಿಂದ ಉಳಿಯುತ್ತದೆ ಅಂತ ಬಿಡಿಬಿಡಿಯಾಗಿ ಲೆಕ್ಕ ಮಾಡಿಕೊಳ್ಳಿ. ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ.

ಕಳಿಸುವ ಮುಂಚೆ ಷೇರುದಾರರ ಒಪ್ಪಂದ ತೆಗೆದು ನೋಡಿ. ಕ್ವಾರ್ಟರ್ ಮುಗಿದು ಎಷ್ಟು ದಿನದೊಳಗೆ ಲೆಕ್ಕ ಕೊಡಬೇಕು ಅಂತ ಅದರಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ನಿಮ್ಮಲ್ಲಿ ಅತಿ ಹೆಚ್ಚು ಹಣ ಹಾಕಿದವರಿಗೆ ಹಿಂದಿನ ದಿನವೇ ಫೋನ್ ಮಾಡಿ 60 ಮತ್ತು 42 ಹೇಳಿಬಿಡಿ. ಇಂಥ ಸುದ್ದಿಯನ್ನು ಅವರು ಮೊದಲು ಇನ್‌ಬಾಕ್ಸ್‌ನಲ್ಲಿ ಓದುವಂತಾಗಬಾರದು. ಆಮೇಲೆ ಎಲ್ಲರಿಗೂ ಒಂದೇ ಇಮೇಲ್ ಹೋಗಲಿ. ಚಿಕ್ಕ ಮೊತ್ತ ಹಾಕಿದವರಿಗೆ ಬೇರೆ ಸಿಹಿ ಆವೃತ್ತಿ ಬೇಡ, ಅವರು ಒಬ್ಬರಿಗೊಬ್ಬರು ಮಾತಾಡುತ್ತಾರೆ.

ಕೊನೆಗೆ "ನಿಮ್ಮ ಬೆಂಬಲ ಇರಲಿ" ಅಂತ ಬರೆದಿದ್ದೀರಿ. ಅದರ ಬದಲು ಒಂದೇ ಒಂದು ಸಹಾಯ ಕೇಳಿ. ಎರಡನೆಯ ಸರಪಳಿಯಲ್ಲಿ ನಿಮ್ಮ ಮಾತುಕತೆ ಐಟಿ ಮ್ಯಾನೇಜರ್ ಹತ್ತಿರವೇ ನಿಂತಿದೆ ಅಂತ ಶೀಟ್‌ನಲ್ಲಿದೆ. ಅವರ ಹಣಕಾಸು ಮುಖ್ಯಸ್ಥರನ್ನು ಬಲ್ಲವರು ಯಾರಾದರೂ ಇದ್ದರೆ ಈ ತಿಂಗಳೊಳಗೆ ಪರಿಚಯ ಮಾಡಿಸಿ ಅಂತ ಬರೆಯಿರಿ. ಮುಂದೆ ಕಳಿಸಲು ಸುಲಭವಾಗಲಿ ಅಂತ ನಿಮ್ಮ ಕಂಪನಿಯ ಬಗ್ಗೆ ನಾಲ್ಕು ಸಾಲನ್ನೂ ಕೆಳಗೆ ಹಾಕಿ. ಮುಂದಿನ ಇಮೇಲ್‌ಗೆ ಜನವರಿವರೆಗೆ ಕಾಯಬೇಡಿ. ನವೆಂಬರ್ ಮೊದಲ ವಾರದಲ್ಲಿ ಅಕ್ಟೋಬರ್ ಆದಾಯ, ಬಿಟ್ಟು ಹೋದ ಲ್ಯಾಬ್‌ಗಳ ಸಂಖ್ಯೆ ಮತ್ತು ಬ್ಯಾಂಕಿನಲ್ಲಿರುವ ಹಣ, ಇಷ್ಟನ್ನು ಐದು ಸಾಲಿನಲ್ಲಿ ಕಳಿಸಿ.